ಇಂಬಳಕ್ಕೆ ಉಪ್ಪು ಬಿಟ್ಟು ಬೂದಿ ಹಿಡಿದ ಮೇಲೆ

ಹೊಸನಗರದ ಕಡೆ ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಇಳಿಯುವವರಿಗೆ ಇಂಬಳವನ್ನು, ಅಂದರೆ ರಕ್ತ ಹೀರುವ ನೆಲದ ಜಿಗಣೆಯನ್ನು, ಪರಿಚಯಿಸಬೇಕಿಲ್ಲ. ತೋಟದಲ್ಲಿ ಅದು ಇದ್ದೇ ಇರುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಜಗಲಿ ಹತ್ತಿ ಹಾಸಿಗೆಯವರೆಗೆ ಬರುವುದನ್ನು ನಿಲ್ಲಿಸಬೇಕಿತ್ತು, ನಿಲ್ಲಿಸಿದ್ದೇನೆ. ಎರಡು ಮಳೆಗಾಲ ಕಳೆದ ಮೇಲೆಯೇ ಬರೆಯುತ್ತಿದ್ದೇನೆ, ಏಕೆಂದರೆ ಮೊದಲ ವರ್ಷ ಭಾವ "ಈ ಸಲ ಮಳೆಯೇ ಕಡಿಮೆ, ನಿನ್ನ ಬೂದಿಯದೇನೂ ಇಲ್ಲ" ಎಂದು ನಕ್ಕಿದ್ದರು.

ಮೊದಲು ದುಡ್ಡು ಹೋದ ಕಥೆ. ಮನೆಯ ಸುತ್ತ ಹರಳುಪ್ಪು ಸುರಿಯುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಆಷಾಢದ ಒಂದು ಜಡಿಮಳೆಗೆ ಅರ್ಧ ಮೂಟೆ ಉಪ್ಪು ಗಂಟೆಯೊಳಗೆ ಕರಗಿ ಹೋಗುತ್ತದೆ. ಉಳಿದದ್ದು ಅಂಗಳದಂಚಿನ ಡೇರೆ ಗಿಡಗಳನ್ನು ಸುಟ್ಟಿತು. ಸುಣ್ಣದ್ದೂ ಇದೇ ಹಾಡು. ಹೊಗೆಸೊಪ್ಪಿನ ನೀರಿನಲ್ಲಿ ಕಾಲುಚೀಲ ಅದ್ದಿ ಹಾಕಿಕೊಂಡರೆ ಇಂಬಳ ಹತ್ತದು ನಿಜ, ಆದರೆ ಒದ್ದೆ ಚರ್ಮಕ್ಕೆ ಅದರ ಸಾರ ಇಳಿದು ನಮ್ಮ ಆಳಿಗೆ ತಲೆ ಸುತ್ತಿ ವಾಂತಿಯಾಯಿತು. ಪೇಟೆಯಿಂದ ತಂದ ಸಿಂಪಡಿಸುವ ಡಬ್ಬಿಗೆ ನಾನೂರರ ಮೇಲೆ ಕೊಟ್ಟಿದ್ದೆ. ಹಳ್ಳ ದಾಟುವವರೆಗೆ ಮಾತ್ರ ಅದರ ಕಾರುಬಾರು.

ಉಪ್ಪಾಗಲಿ ಸುಣ್ಣವಾಗಲಿ ಸೋಲುವುದು ನೀರಿಗೆ. ಇಂಬಳ ಬದುಕುವುದೂ ಅದೇ ಪಸೆಯಿಂದ. ಹಾಗಾಗಿ ಮಳೆಹನಿ ಬೀಳದ ಜಾಗ ಎಲ್ಲಿದೆ ಎಂದು ನೋಡಿದೆ: ಮಾಡಿನ ಕೆಳಗೆ, ಜಗಲಿ ಗೋಡೆಗೆ ಒತ್ತಿದ ಜಾಗ. ಎರಚಲು ತಾಗದಂತೆ ಮಾಡಿಗೆ ಎರಡು ಅಡಿ ತಗಡು ಮುಂದೆ ಚಾಚಿಸಿದೆ. ಅದರ ಕೆಳಗೆ ಅಂಗೈ ಅಗಲದ ಕಲ್ಲಿನ ಸಾಲಿಟ್ಟು, ಬಚ್ಚಲ ಒಲೆಯ ಬೂದಿಯನ್ನು ಜರಡಿ ಹಿಡಿದು ಬೆರಳುದ್ದ ದಪ್ಪಕ್ಕೆ ಹರಡಿದೆ. ಒಣಗಿದ ಬೂದಿ ಇಂಬಳದ ಲೋಳೆ ಮೈಗೆ ಅಂಟಿಕೊಳ್ಳುತ್ತದೆ. ಮೊದಲ ದಿನ ಕೂತು ನೋಡಿದೆ: ತಲೆ ಮುಂದಿಟ್ಟು ಊರಲು ನೋಡಿತು, ಬಾಯಿ ಹಿಡಿಯಲಿಲ್ಲ, ಮೈ ಮುದುರಿ ಬಂದ ದಾರಿಗೇ ತಿರುಗಿತು. ಬೂದಿ ಹಸಿಯಾಗಿ ಬಣ್ಣ ಕಪ್ಪಾದರೆ ಅದರ ಮೇಲೆ ಸಲೀಸಾಗಿ ನಡೆದು ಬರುತ್ತದೆ, ಆದ್ದರಿಂದ ಮೂರು ನಾಲ್ಕು ದಿನಕ್ಕೊಮ್ಮೆ ಬದಲಿಸಬೇಕು. ಬೂದಿಗೆ ನಾನು ಇನ್ನೊಂದನ್ನು ಬೆರೆಸುತ್ತೇನೆ, ಅದು ನಮ್ಮ ಮನೆಯ ಗುಟ್ಟಾಗಿಯೇ ಇರಲಿ. ಅದಿಲ್ಲದೆಯೂ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ತಗಡು, ಕೂಲಿ ಸೇರಿ ಐದು ಸಾವಿರದ ಆಸುಪಾಸು ಆಗಿರಬೇಕು. ಅಂಗಳದ ಒಣ ಎಲೆಯ ದರಕನ್ನು ವಾರಕ್ಕೊಮ್ಮೆ ಗುಡಿಸಿ ದೂರ ಹಾಕದಿದ್ದರೆ ಈ ಖರ್ಚೂ ದಂಡ.

ಉಳಿದವು ನಮ್ಮ ಮೈಮೇಲೇ ಸವಾರಿ ಮಾಡಿ ಒಳಗೆ ಬರುತ್ತವೆ. ಅದಕ್ಕೆ ಕೋರಾ ಬಟ್ಟೆಯ ಚೀಲ ಹೊಲಿಸಿದೆ, ಪ್ಯಾಂಟಿನ ಮೇಲೆ ಮಂಡಿಯವರೆಗೆ ಏರಿಸಿ ಲಾಡಿ ಬಿಗಿಯುವಂಥದ್ದು, ಮೇಲೆ ಗಮ್‌ಬೂಟು. ಹೆಣೆದ ಕಾಲುಚೀಲದ ಕಣ್ಣಿನಲ್ಲಿ ಮರಿ ಇಂಬಳ ದಾರದಂತೆ ತೂರುತ್ತದೆ, ಒತ್ತು ನೇಯ್ಗೆಯ ಬಟ್ಟೆಯಲ್ಲಿ ತೂರುವುದಿಲ್ಲ. ಒಂದು ಜೊತೆ ಚೀಲಕ್ಕೆ ಇನ್ನೂರು ರೂಪಾಯಿ ಬಿದ್ದಿತ್ತು. ಬಿಳಿ ಬಟ್ಟೆಯ ಮೇಲೆ ಹತ್ತಿದ್ದು ಕಣ್ಣಿಗೆ ಬೀಳುತ್ತದೆ, ಮೆಟ್ಟಿಲ ಬಳಿಯೇ ಕಿತ್ತು ಸಾಬೂನು ನೀರಿನ ಬಕೆಟ್ಟಿಗೆ ಹಾಕುತ್ತೇವೆ. ಮಂಗನ ಕಾಯಿಲೆ ಹರಡುವ ಉಣ್ಣೆ ಹುಳಕ್ಕೆಂದು ಕೊಡುವ ಡೆಪಾ ಎಣ್ಣೆಯನ್ನೂ ಲಾಡಿಗೆ ಸವರಿ ನೋಡಿದೆ, ಒಣ ದಿನ ಪರವಾಗಿಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು ಅಂಗಳಕ್ಕೆ ಚೆಲ್ಲಿಯೂ ನೋಡಿದ್ದಾಯಿತು. ಅಂಗಳ ನೀಲಿಯಾಯಿತು, ಅಷ್ಟೇ.

ಕಚ್ಚಿದ್ದನ್ನು ಬಿಡಿಸುವ ವಿಷಯದಲ್ಲಿ ಮನೆಯಲ್ಲಿ ಈಗಲೂ ಜಗಳವಿದೆ. ಅತ್ತೆಗೆ ಉಪ್ಪಿನ ಗಂಟೇ ಬೇಕು. ಉಪ್ಪು, ಸುಣ್ಣ, ಬೆಂಕಿಕಡ್ಡಿ ಇವುಗಳ ಉರಿಗೆ ಇಂಬಳ ಹೊಟ್ಟೆಯಲ್ಲಿದ್ದುದನ್ನು ಗಾಯದೊಳಗೇ ಕಕ್ಕಬಹುದು, ಕೀವಾಗುವ ಭಯ ಆಗ ಹೆಚ್ಚು. ನಾನು ಸಪೂರ ತುದಿಯನ್ನು ಹುಡುಕುತ್ತೇನೆ, ಬಾಯಿ ಅಲ್ಲಿರುತ್ತದೆ. ಪಕ್ಕದ ಚರ್ಮವನ್ನು ಒಂದು ಕೈಯಲ್ಲಿ ಎಳೆದು ಹಿಡಿದು, ಇನ್ನೊಂದು ಕೈಯ ಉಗುರನ್ನು ಚರ್ಮಕ್ಕೆ ಒತ್ತಿ ಬಾಯಿಯ ಅಡಿಗೆ ಅಡ್ಡಲಾಗಿ ಜಾರಿಸಬೇಕು. ಬಾಯಿ ಬಿಟ್ಟ ತಕ್ಷಣ ದಪ್ಪ ತುದಿಗೂ ಹಾಗೆಯೇ ಮಾಡಬೇಕು, ತಡಮಾಡಿದರೆ ಮತ್ತೆ ಕಚ್ಚುತ್ತದೆ. ದಪ್ಪ ತುದಿ ಹಿಡಿದು ಜಗ್ಗುವುದು ದಂಡ. ಆಮೇಲೆ ಸಾಬೂನಿನಿಂದ ತೊಳೆದು ಬಟ್ಟೆ ಒತ್ತಿ ಕಟ್ಟಿದರಾಯಿತು. ರಕ್ತ ಹೆಪ್ಪುಗಟ್ಟದಂತೆ ಅದು ಜೊಲ್ಲು ಬಿಟ್ಟಿರುವುದರಿಂದ ಕೆಲವು ಗಂಟೆ ಒಸರುವುದು ಸಹಜ. ರಕ್ತ ತೆಳುವಾಗಲು ಮಾತ್ರೆ ನುಂಗುವವರಿಗೆ ನಿಲ್ಲದಿದ್ದರೆ, ಅಥವಾ ಕಣ್ಣು, ಮೂಗಿನೊಳಗೆ ಹೊಕ್ಕಿದ್ದರೆ, ಆಸ್ಪತ್ರೆಗೇ ಹೋಗಬೇಕು.

ಕೊಟ್ಟಿಗೆಗೆ ಈ ಉಪಾಯ ಒಗ್ಗಲಿಲ್ಲ. ಗಂಜಲಕ್ಕೆ ಬೂದಿ ಬೆಳಗಾಗುವುದರೊಳಗೆ ಕೆಸರಾಗುತ್ತದೆ. ಮೇಯ್ದು ಬಂದ ದನದ ಗೊರಸಿನ ಸಂದನ್ನು ಈಗಲೂ ಕೈಯಲ್ಲೇ ನೋಡಿ ಬಿಡಿಸುತ್ತಿದ್ದೇವೆ.