ಗೇಜ್ 2 ಬಾರ್ ತೋರಿಸಿದರೂ ಸೋಡಾ ಸಪ್ಪೆ

ಮನೆಯಲ್ಲೇ ಸೋಡಾ ಮಾಡೋಣ ಅಂತ ಹೊರಟಾಗ ನನಗೆ ಗೊತ್ತಿದ್ದದ್ದು ಇಷ್ಟೇ: ನೀರಿನ ಮೇಲೆ ಗ್ಯಾಸಿನ ಒತ್ತಡ ಎರಡು ಪಟ್ಟಾದರೆ ನೀರಿನಲ್ಲಿ ಕರಗುವ ಗ್ಯಾಸೂ ಎರಡು ಪಟ್ಟಾಗುತ್ತದೆ. 1803ರಲ್ಲೇ ವಿಲಿಯಂ ಹೆನ್ರಿ ತೋರಿಸಿಕೊಟ್ಟ ಲೆಕ್ಕ ಇದು. ಸಾಕು ಅಂದುಕೊಂಡಿದ್ದೆ, ಸಾಕಾಗಲಿಲ್ಲ.

ಕಾರ್ಬನ್ ಡೈಆಕ್ಸೈಡ್ ತುಂಬಿದ ಸಣ್ಣ ಸಿಲಿಂಡರ್, ರೆಗ್ಯುಲೇಟರ್, ವಾಲ್ವ್ ಇರುವ ಮುಚ್ಚಳ, ಒಂದು ಲೀಟರಿನ ಪ್ಲಾಸ್ಟಿಕ್ ಸೋಡಾ ಬಾಟಲಿ ತಂದುಕೊಂಡೆ. ಸಿಲಿಂಡರ್ ಒಳಗೆ ಸುಮಾರು 60 ಬಾರ್ ಒತ್ತಡ ಇರುತ್ತದೆ. ಹಾಗಾಗಿ ರೆಗ್ಯುಲೇಟರ್ ಇಲ್ಲದೆ ಅದನ್ನು ಮುಟ್ಟಬಾರದು, ಗಾಜಿನ ಬಾಟಲಿಯಂತೂ ಬೇಡವೇ ಬೇಡ.

ಮೊದಲ ದಿನ 800 ಮಿಲಿ ಸಾದಾ ನೀರು ಹಾಕಿ, ಮುಚ್ಚಳ ತಿರುಗಿಸಿ, ಗೇಜ್ 2 ಬಾರ್ ತೋರಿಸುವಂತೆ ಗ್ಯಾಸ್ ಬಿಟ್ಟೆ. ಪೈಪ್ ಹಾಗೇ ಇಟ್ಟುಕೊಂಡು ಚೆನ್ನಾಗಿ ಕುಲುಕಿದೆ. ಬಾಟಲಿ ಕಲ್ಲಿನ ಹಾಗೆ ಗಟ್ಟಿಯಾಯಿತು. ತೆರೆದಾಗ ಬುಸ್ ಅಂತ ಜೋರು ಸದ್ದೂ ಬಂತು. ಕುಡಿದರೆ ನಾಲಿಗೆಗೆ ಏನೂ ಚುರುಕಿಲ್ಲ!

ರೆಗ್ಯುಲೇಟರ್ ಮೇಲೆ ಅನುಮಾನ ಬಂತು. ಆದರೆ ಇನ್ನೊಂದು ಸಲ ಮಾಡಿ ಅಡುಗೆಮನೆಯ ತಕ್ಕಡಿಯಲ್ಲಿ ಬಾಟಲಿ ತೂಗಿ ನೋಡಿದೆ. ಗ್ಯಾಸ್ ತುಂಬುವ ಮೊದಲಿಗಿಂತ 3 ಗ್ರಾಂ ಮಾತ್ರ ಜಾಸ್ತಿಯಾಗಿತ್ತು. ಗೇಜ್ ಸುಳ್ಳು ಹೇಳಿರಲಿಲ್ಲ, ನಾನೇ ಅದನ್ನು ತಪ್ಪಾಗಿ ಓದಿದ್ದೆ.

ನೀರಿನ ಮೇಲಿದ್ದ 200 ಮಿಲಿ ಖಾಲಿ ಜಾಗದಲ್ಲಿ ಮೊದಲೇ ಗಾಳಿ ಇತ್ತಲ್ವಾ? ಅದರದ್ದೇ 1 ಬಾರ್. ಗೇಜ್ ತೋರಿಸುವುದು ಅದರ ಮೇಲೆ ಏರಿದ ಒತ್ತಡವನ್ನು. ಅಂದರೆ ಒಳಗೆ ಒಟ್ಟು 3 ಬಾರ್ ಇದ್ದರೂ ಕಾರ್ಬನ್ ಡೈಆಕ್ಸೈಡಿನ ಪಾಲು 2 ಮಾತ್ರ. ಎಷ್ಟು ಕರಗಬೇಕು ಅನ್ನುವುದು ಅದರ ಸ್ವಂತ ಪಾಲಿನ ಮೇಲೆ ನಿಂತಿದೆ. ಪಕ್ಕದಲ್ಲಿರುವ ಗಾಳಿ ಬಾಟಲಿಯನ್ನು ಗಟ್ಟಿ ಮಾಡುತ್ತದೆಯೇ ಹೊರತು ಸೋಡಾಕ್ಕೆ ಏನೂ ಸಹಾಯ ಮಾಡುವುದಿಲ್ಲ.

ನೀರು ಬೆಚ್ಚಗಿದ್ದದ್ದು ಎರಡನೇ ತಪ್ಪು. ಗ್ಯಾಸಿನ ಪಾಲು 1 ಬಾರ್ ಇದ್ದಾಗ 25 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು ಒಂದೂವರೆ ಗ್ರಾಂ ಕರಗುತ್ತದೆ. 5 ಡಿಗ್ರಿಯಲ್ಲಿ ಸುಮಾರು 2.8 ಗ್ರಾಂ. ನನ್ನ ಬಾಟಲಿಯ ನೀರಿಗೆ ಸೇರಿದ್ದು ಎರಡು ಗ್ರಾಂ ಚಿಲ್ಲರೆ. ಉಳಿದದ್ದು ಮೇಲಿನ ಖಾಲಿ ಜಾಗದಲ್ಲಿತ್ತು, ಬುಸ್ ಅಂದದ್ದು ಅದೇ.

ಮೂರನೇ ಸಲ ನೀರನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟೆ. ನೀರು ಕತ್ತಿನ ತನಕ ಬರುವಂತೆ ಬಾಟಲಿಯನ್ನು ಹಿಸುಕಿ, ಗಾಳಿ ಹೊರಗೆ ಹಾಕಿ, ಹಿಸುಕಿದ ಹಾಗೆಯೇ ಮುಚ್ಚಳ ಹಾಕಿದೆ. ಗ್ಯಾಸ್ ಬಿಟ್ಟ ತಕ್ಷಣ ಬಾಟಲಿ ಟಪ್ ಅಂತ ಉಬ್ಬಿತು. ಈಗ ಖಾಲಿ ಜಾಗದಲ್ಲಿರುವುದೆಲ್ಲ ಕಾರ್ಬನ್ ಡೈಆಕ್ಸೈಡೇ. ಕುಲುಕುವಾಗ ಸಿಲಿಂಡರಿನಿಂದ ಸುಯ್ ಅನ್ನುವ ಸದ್ದು ಕೇಳುತ್ತಿತ್ತು. ಆ ಸದ್ದು ನಿಂತರೆ ಕರಗುವುದು ಮುಗಿದ ಹಾಗೆ. ತೂಗಿದೆ: 7 ಗ್ರಾಂ ಜಾಸ್ತಿ. ಗೇಜ್ ತೋರಿಸಿದ್ದು ಅದೇ 2 ಬಾರ್, ಕುಡಿದರೆ ಮೂಗಿಗೇ ಹತ್ತುತ್ತಿತ್ತು.

ತೆರೆದಾಗ ಆಗುವುದು ಇದರ ಉಲ್ಟಾ. ಮುಚ್ಚಳ ತೆಗೆದರೆ ಒತ್ತಡ 3ರಿಂದ 1 ಬಾರ್‌ಗೆ ಇಳಿಯುತ್ತದೆ. ಅಂದಮೇಲೆ ಮೂರನೇ ಒಂದು ಭಾಗ ಗ್ಯಾಸಾದರೂ ನೀರಿನಲ್ಲಿ ಉಳಿಯಬೇಕಲ್ವಾ? ಇಲ್ಲ. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡಿನ ಪಾಲು ಶೇ. 0.04ರಷ್ಟು ಮಾತ್ರ. ಹಾಗಾಗಿ ಬಾಟಲಿಯನ್ನು ತೆರೆದೇ ಇಟ್ಟರೆ ಕೊನೆಗೆ ಹೆಚ್ಚುಕಡಿಮೆ ಎಲ್ಲವೂ ಹೋಗುತ್ತದೆ. ಒಂದೇ ಏಟಿಗೆ ಹೋಗುವುದಿಲ್ಲ, ಯಾಕೆಂದರೆ ಗುಳ್ಳೆ ಹುಟ್ಟಲು ಒಂದು ನೆಲೆ ಬೇಕು. ಲೋಟದ ಗೀರು, ಧೂಳು, ಒರೆಸಿದ ಬಟ್ಟೆಯ ಎಳೆ, ಇವುಗಳಲ್ಲಿ ಸಿಕ್ಕಿಕೊಂಡ ಚೂರು ಗಾಳಿಯೇ ಆ ನೆಲೆ. ಲೋಟದಲ್ಲಿ ಒಂದೇ ಜಾಗದಿಂದ ಗುಳ್ಳೆಗಳು ಸಾಲಾಗಿ ಏಳುವುದು ಇದಕ್ಕೇ.

ಅರ್ಧ ಕುಡಿದು ಮುಚ್ಚಿಟ್ಟ ಬಾಟಲಿ ಮರುದಿನ ಸಪ್ಪೆಯಾಗುವುದಕ್ಕೂ ಕಾರಣ ಇದೇ. ಖಾಲಿ ಅರ್ಧಕ್ಕೆ ಗ್ಯಾಸ್ ತುಂಬಿ ಒತ್ತಡ ಸಮ ಆಗುವ ತನಕ ನೀರು ಗ್ಯಾಸ್ ಬಿಡುತ್ತಲೇ ಇರುತ್ತದೆ. ಅರ್ಧ ಲೀಟರ್ ತಣ್ಣನೆ ಸೋಡಾ, ಮೇಲೆ ಅರ್ಧ ಲೀಟರ್ ಖಾಲಿ ಜಾಗ ಅಂತ ಲೆಕ್ಕ ಹಾಕಿದರೆ, ನೀರಿನಲ್ಲಿದ್ದ ಗ್ಯಾಸಿನಲ್ಲಿ ಸುಮಾರು ಶೇ. 40 ಮೇಲಕ್ಕೆ ಹೋಗುತ್ತದೆ. ಮತ್ತೆ ತೆರೆದರೆ ಅದೂ ಹೊರಗೆ.

ಒಬ್ಬ ಸ್ನೇಹಿತರು ಮುಚ್ಚಳದ ಮೇಲೆ ಕೂರುವ ಕೈಪಂಪ್ ಕೊಟ್ಟರು, ಗಾಳಿ ಒತ್ತಿಟ್ಟರೆ ಗ್ಯಾಸ್ ಉಳಿಯುತ್ತದೆ ಅಂತ. ರಾತ್ರಿ ಒತ್ತಿಟ್ಟೆ. ಬೆಳಿಗ್ಗೆ ಬಾಟಲಿ ಗಟ್ಟಿಯಾಗಿತ್ತು, ಬುಸ್ ಅಂತಲೂ ಅಂದಿತು, ನೀರು ಮಾತ್ರ ಸಪ್ಪೆ. ನನ್ನ ಮೊದಲ ದಿನದ ತಪ್ಪೇ, ಈ ಸಲ ಪಂಪ್ ಹಿಡಿದು ಮಾಡಿದ್ದೆ. ಈಗ ಒಂದು ಲೀಟರಿನ ಬದಲು ಅರ್ಧ ಲೀಟರಿನ ಎರಡು ಬಾಟಲಿಗೆ ಗ್ಯಾಸ್ ತುಂಬುತ್ತೇನೆ. ಒಂದನ್ನು ಕುಡಿದು ಮುಗಿಸುವ ತನಕ ಇನ್ನೊಂದನ್ನು ತೆರೆಯುವುದಿಲ್ಲ.