ಓನರ್ ಮೆಸೇಜಿಗೆ 👍 ಒತ್ತುವ ಮುನ್ನ

ಕೆನಡಾಕ್ಕೆ ಬಂದ ಹೊಸದರಲ್ಲಿ ಬಹಳ ಜನ ಕೇಳುವ ಪ್ರಶ್ನೆ: ಮನೆ ಓನರ್‌ಗೆ ಇಮೋಜಿ ಕಳಿಸಿದರೆ ಸರಿಯಿರುತ್ತಾ? ನಲ್ಲಿ ರಿಪೇರಿ ಮಾಡಿಸಿಕೊಟ್ಟದ್ದಕ್ಕೆ ಥ್ಯಾಂಕ್ಸ್ ಹೇಳಿ ಒಂದು ನಗುಮುಖ ಹಾಕಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹುಷಾರಾಗಿರಬೇಕಾದದ್ದು 👍 ವಿಷಯದಲ್ಲಿ. ನಾವು ಅದನ್ನು ‘ನೋಡಿದೆ’ ಅನ್ನುವ ಅರ್ಥದಲ್ಲಿ ಒತ್ತಿಬಿಡುತ್ತೇವೆ, ಓದಿದವರು ‘ಒಪ್ಪಿದೆ’ ಅಂದುಕೊಳ್ಳಬಹುದು.

ಇದು ಬರೀ ಊಹೆಯಲ್ಲ. 2021ರ ಮಾರ್ಚ್‌ನಲ್ಲಿ ಸಸ್ಕಾಚೆವಾನ್ ಪ್ರಾಂತ್ಯದ ಒಬ್ಬ ರೈತನಿಗೆ ಧಾನ್ಯ ಖರೀದಿ ಕಂಪನಿಯವರು ಅಗಸೆಯ ಕರಾರುಪತ್ರದ ಫೋಟೊ ಕಳಿಸಿ, ಖಚಿತಪಡಿಸಿ ಎಂದು ಕೇಳಿದರು. ರೈತ 👍 ಒತ್ತಿದ. ಸುಗ್ಗಿಯ ಹೊತ್ತಿಗೆ ಅಗಸೆ ಬೆಲೆ ಏರಿತು, ಮಾಲು ಬರಲಿಲ್ಲ. ‘ಕರಾರು ಕೈಸೇರಿತು ಅಂತಷ್ಟೇ ಹೇಳಿದ್ದು’ ಎಂದು ರೈತ ವಾದಿಸಿದ. 2023ರಲ್ಲಿ ಕೋರ್ಟ್ ಅದನ್ನು ಒಪ್ಪಿಗೆಯೆಂದೇ ಎಣಿಸಿ ಸುಮಾರು 82,000 ಡಾಲರ್ ಕಟ್ಟಿಸಿತು. ತೀರ್ಪಿನಲ್ಲಿ ತೂಕ ಪಡೆದದ್ದು ಹಳೆಯ ರೂಢಿ: ಅದೇ ರೈತ ಹಿಂದಿನ ಕರಾರುಗಳಿಗೂ ‘ಓಕೆ’, ‘ಯಪ್’ ಅಂತ ಒಂದೇ ಪದದಲ್ಲಿ ಉತ್ತರಿಸಿ, ಮಾಲನ್ನೂ ಕೊಟ್ಟಿದ್ದ.

ಈಗ ಇದನ್ನೇ ಬಾಡಿಗೆ ಮನೆಗೆ ತನ್ನಿ. ನೀವು ಒಂಟಾರಿಯೊದಲ್ಲಿದ್ದೀರಿ. ‘ಮುಂದಿನ ತಿಂಗಳಿಂದ ಬಾಡಿಗೆ 150 ಡಾಲರ್ ಹೆಚ್ಚು, ಓಕೆ?’ ಎಂದು ಓನರ್ ಮೆಸೇಜ್ ಮಾಡುತ್ತಾರೆ. ಅಲ್ಲಿ ಸಾಮಾನ್ಯವಾಗಿ 12 ತಿಂಗಳಿಗೆ ಒಂದೇ ಸಲ ಬಾಡಿಗೆ ಏರಿಸಬಹುದು, ಅದಕ್ಕೂ 90 ದಿನ ಮೊದಲು ಲಿಖಿತ ನೋಟಿಸ್ ಬೇಕು. ಬಹುತೇಕ ಮನೆಗಳಿಗೆ ಅದು N1 ಫಾರ್ಮ್. ಮೆಸೇಜೊಂದೇ ಸಾಲದು. ಆದರೆ ನೀವು 👍 ಒತ್ತಿ ಹೆಚ್ಚಿನ ಬಾಡಿಗೆ ಕಟ್ಟುತ್ತಾ ಹೋದರೆ, ಸತತ 12 ತಿಂಗಳು ದಾಟಿದ ಮೇಲೆ ‘ನೋಟಿಸ್ ಕೊಟ್ಟಿರಲಿಲ್ಲ’ ಅನ್ನುವ ತಕರಾರು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದ್ದರಿಂದ ಎರಡು ಸಾಲು ಬರೆಯಿರಿ: ‘ನಿಮ್ಮ ಮೆಸೇಜ್ ಸಿಕ್ಕಿತು. ಇದಕ್ಕೆ ನಾನಿನ್ನೂ ಒಪ್ಪಿಲ್ಲ, ದಯವಿಟ್ಟು N1 ಕಳಿಸಿ.’ ಕೊನೆಗೆ ನಗುಮುಖ ಬೇಡ. ಹಾಕಿದರೆ ‘ಒಪ್ಪಿಲ್ಲ’ ಅನ್ನುವುದು ತಮಾಷೆಯಂತೆ ಕಾಣುತ್ತದೆ. 👍 ಈಗಾಗಲೇ ಹೋಗಿಬಿಟ್ಟಿದ್ದರೆ ಅದೇ ದಿನ ಈ ಎರಡು ಸಾಲು ಅದರ ಕೆಳಗೇ ಹೋಗಲಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಮಕ್ಕಳ ಟೀಚರ್ ಜೊತೆ ಸ್ವಲ್ಪ ಸಲಿಗೆ ನಡೆಯುತ್ತದೆ. ಅವರೇ ಮೊದಲು ಇಮೋಜಿ ಹಾಕಿದ್ದರೆ ನೀವೂ ಹಾಕಬಹುದು. ಅಲರ್ಜಿ, ಗೈರುಹಾಜರಿ, ಮಗುವನ್ನು ಯಾರು ಕರೆದುಕೊಂಡು ಹೋಗುತ್ತಾರೆ ಅನ್ನುವಂಥದ್ದನ್ನು ಮಾತ್ರ ಪದಗಳಲ್ಲೇ ಬರೆಯಿರಿ. ಪ್ರವಾಸದ ಅನುಮತಿಗೆ ಶಾಲೆ ಕೇಳಿದ ಫಾರ್ಮನ್ನೇ ತುಂಬಿ.

ಸರ್ಕಾರಿ ಕಚೇರಿಗಂತೂ ಒಂದೂ ಬೇಡ. ವಲಸೆ ಇಲಾಖೆಗೆ ಬರೆದದ್ದನ್ನು ನಿಮ್ಮ ಮುಖ ಕಾಣದ ಅಧಿಕಾರಿಯೊಬ್ಬರು ತಿಂಗಳುಗಳ ನಂತರ ಓದಬಹುದು. ಅವರಿಗೆ ಬೇಕಾದದ್ದು ಅರ್ಜಿ ಸಂಖ್ಯೆ, ಇಲಾಖೆ ನಿಮಗೆ ಕೊಟ್ಟ UCI ಎಂಬ ಗುರುತಿನ ಸಂಖ್ಯೆ, ಯಾವ ದಾಖಲೆ ತಡವಾಗಿದೆ, ಯಾವ ತಾರೀಕಿಗೆ ಕೊಡುತ್ತೀರಿ ಅನ್ನುವುದು. ಕೈಮುಗಿದ 🙏 ಇದರಲ್ಲಿ ಒಂದನ್ನೂ ಹೇಳುವುದಿಲ್ಲ.