ಹೃದಯದ ಚಿತ್ರ ಹಿಡಿದು ನಾಲ್ಕು ನಿಮಿಷ ಮಾತಾಡುವುದು ಹೇಗೆ?

ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ಹೃದಯದ ಚಿತ್ರ ಆರಿಸಿಕೊಳ್ಳುವ ಮಕ್ಕಳು ನಮ್ಮ ಚಿಕ್ಕಬಳ್ಳಾಪುರದ ಕಡೆ ಶಾಲೆಗಳಲ್ಲಿ ಬಹಳ. ಚಿತ್ರ ಚೆನ್ನಾಗಿಯೇ ಬರೆದಿರುತ್ತಾರೆ. ಆದರೆ ವೇದಿಕೆಗೆ ಬಂದು ಭಾಗಗಳ ಹೆಸರು ಓದಿ ಇಳಿದುಬಿಡುತ್ತಾರೆ. ರಕ್ತ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅನ್ನುವುದು ಕೂತವರಿಗೆ ತಿಳಿಯುವುದೇ ಇಲ್ಲ. ಹೆಸರು ಹೇಳಬೇಡಿ, ದಾರಿ ಹೇಳಿ. ದಾರಿ ಹೇಳುತ್ತಾ ಹೋದರೆ ಹೆಸರುಗಳು ತಾವಾಗಿ ಬರುತ್ತವೆ.

ಮೊದಲು ಚಾರ್ಟ್. ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ. ನಡುವಿನ ಗೋಡೆಯನ್ನು ಮೇಲಿಂದ ಕೆಳಗೆ ಒಂದೇ ಸಮ ಎಳೆಯಿರಿ, ಎಲ್ಲೂ ಸಂದು ಬಿಡಬೇಡಿ. ಸಂದು ಬಿಟ್ಟರೆ ಎರಡೂ ಕಡೆಯ ರಕ್ತ ಬೆರೆತಂತೆ ಕಾಣುತ್ತದೆ. ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ ಇರಲಿ. ಬಲಭಾಗ ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ರಕ್ತ ತಳ್ಳಿದರೆ ಸಾಕು. ಎಡಭಾಗ ತಲೆಯಿಂದ ಕಾಲಿನ ಬೆರಳವರೆಗೆ ತಳ್ಳಬೇಕು. ಇದೊಂದು ಗೋಡೆ ತೋರಿಸಿಯೇ ಅರ್ಧ ನಿಮಿಷ ಮಾತಾಡಬಹುದು.

ಮಕ್ಕಳು ಜಾಸ್ತಿ ತಡಬಡಾಯಿಸುವುದು ಎಡ ಬಲದಲ್ಲಿ. ಚಿತ್ರದಲ್ಲಿರುವುದು ನಮ್ಮ ಎದುರು ನಿಂತವರ ಹೃದಯ. ಹಾಗಾಗಿ ನೋಡುವವರ ಎಡಗೈ ಕಡೆ ಕಾಣುವುದು ಹೃದಯದ ಬಲಭಾಗ. ಒಂದು ಸುಲಭ ಉಪಾಯ ಇದೆ. ಚಾರ್ಟನ್ನು ಎದೆಗೆ ಆನಿಸಿ, ಚಿತ್ರ ಸಭೆಯ ಕಡೆ ಇರುವಂತೆ ಹಿಡಿಯಿರಿ. ಈಗ ಚಿತ್ರದ ಬಲ ಹೃತ್ಕರ್ಣ ನಿಮ್ಮ ಬಲಗೈ ಕಡೆಯೇ ಇರುತ್ತದೆ. ಭಾಷಣ ಇಲ್ಲಿಂದಲೇ ಶುರುವಾಗಲಿ. ನೋಡುವವರ ಗೊಂದಲವೂ ಆಗಲೇ ಕಳೆಯುತ್ತದೆ.

ಇನ್ನು ದಾರಿ. ಕಾಲಿನ ಹೆಬ್ಬೆರಳಿನಿಂದ ಹೊರಟ ಒಂದು ಹನಿ ರಕ್ತವನ್ನು ಬೆರಳಿನಿಂದ ತೋರಿಸುತ್ತಾ ಹೀಗೆ ಹೇಳಬಹುದು:

"ಈ ಹನಿ ಆಕ್ಸಿಜನ್ ಕೊಟ್ಟು ಮುಗಿಸಿದೆ. ಕೆಳಗಿನ ಮಹಾ ಅಭಿಧಮನಿಯಲ್ಲಿ ಮೇಲೇರಿ ಬಲ ಹೃತ್ಕರ್ಣಕ್ಕೆ ಬಂತು. ತ್ರಿದಳ ಕವಾಟ ದಾಟಿ ಬಲ ಹೃತ್ಕುಕ್ಷಿಗೆ ಇಳಿಯಿತು. ಅಲ್ಲಿಂದ ಪುಪ್ಪುಸಕ ಅಪಧಮನಿಯಲ್ಲಿ ಶ್ವಾಸಕೋಶಕ್ಕೆ ಹೋಯಿತು. ಅಲ್ಲಿ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಆಕ್ಸಿಜನ್ ತುಂಬಿಕೊಂಡಿತು. ಪುಪ್ಪುಸಕ ಅಭಿಧಮನಿಯಲ್ಲಿ ಎಡ ಹೃತ್ಕರ್ಣಕ್ಕೆ ವಾಪಸ್ ಬಂತು. ದ್ವಿದಳ ಕವಾಟ ದಾಟಿ ಎಡ ಹೃತ್ಕುಕ್ಷಿ, ಅಲ್ಲಿಂದ ಮಹಾಪಧಮನಿ, ಮತ್ತೆ ಮೈಗೆಲ್ಲ."

ಇಲ್ಲಿ ಒಂದು ಕ್ಷಣ ನಿಲ್ಲಿ. ಅಪಧಮನಿಯಲ್ಲಿ ಆಕ್ಸಿಜನ್ ಹೆಚ್ಚಿರುವ ರಕ್ತವೇ ಇರುತ್ತದೆ ಎಂದು ಬಾಯಿಪಾಠ ಮಾಡಿದವರಿಗೆ ಪುಪ್ಪುಸಕ ಅಪಧಮನಿಯ ನೀಲಿ ಬಣ್ಣ ತಪ್ಪು ಅನ್ನಿಸುತ್ತದೆ. ತಪ್ಪಲ್ಲ. ಹೃದಯದಿಂದ ಹೊರಗೆ ಒಯ್ಯುವುದು ಅಪಧಮನಿ, ಒಳಗೆ ತರುವುದು ಅಭಿಧಮನಿ. ಹೆಸರು ನಿಂತಿರುವುದು ದಿಕ್ಕಿನ ಮೇಲೆ. ಜೊತೆಗೆ, ನೀಲಿ ಚಿತ್ರದಲ್ಲಿ ಮಾತ್ರ ಎಂದೂ ಹೇಳಿಬಿಡಿ. ಆಕ್ಸಿಜನ್ ಕಡಿಮೆ ಇರುವ ರಕ್ತವೂ ಕೆಂಪೇ, ಸ್ವಲ್ಪ ಕಡುಗೆಂಪು.

ಕವಾಟಕ್ಕೆ ನಮ್ಮೂರಿನ ಉದಾಹರಣೆ ಕೊಡಿ. ಬೋರ್‌ವೆಲ್ ಮೋಟರ್ ನಿಂತಾಗ ಪೈಪಿನ ನೀರು ಹಿಂದಕ್ಕೆ ಬೀಳದಂತೆ ತಡೆಯುವ ವಾಲ್ವ್ ಇರುತ್ತಲ್ಲ, ಕವಾಟದ ಕೆಲಸವೂ ಅಷ್ಟೇ. ಎದೆಗೆ ಕಿವಿಯಿಟ್ಟರೆ ಕೇಳುವ ಲಬ್-ಡಬ್ ಈ ಕವಾಟಗಳು ಮುಚ್ಚುವ ಹೊತ್ತಿನ ಸದ್ದು. ಹೃತ್ಕರ್ಣ, ಹೃತ್ಕುಕ್ಷಿಗಳ ನಡುವಿನವು ಮುಚ್ಚಿದಾಗ ಲಬ್, ದೊಡ್ಡ ಅಪಧಮನಿಗಳ ಬುಡದಲ್ಲಿರುವ ಅರ್ಧಚಂದ್ರಾಕಾರದವು ಮುಚ್ಚಿದಾಗ ಡಬ್.

ಒಂದು ಹನಿಯ ಕಥೆ ಹೇಳುವಾಗ ಒಂದು ಅಪಾಯವೂ ಇದೆ. ಮೊದಲು ಬಲಭಾಗ ಬಡಿಯುತ್ತದೆ, ಆಮೇಲೆ ಎಡಭಾಗ ಅನ್ನಿಸಿಬಿಡುತ್ತದೆ. ನಿಜಕ್ಕೂ ಎರಡು ಹೃತ್ಕರ್ಣಗಳು ಒಟ್ಟಿಗೆ ಕುಗ್ಗುತ್ತವೆ, ನಂತರ ಎರಡು ಹೃತ್ಕುಕ್ಷಿಗಳು ಒಟ್ಟಿಗೆ. ಎರಡೂ ಮುಷ್ಟಿ ಒಂದೇ ಸಲ ಬಿಗಿದು ತೋರಿಸಿ, ಸಾಕು.

ಲೆಕ್ಕ ಒಂದೇ ಇರಲಿ. ದೊಡ್ಡವರ ಹೃದಯ ಸುಮ್ನೆ ಕೂತಾಗ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ತಳ್ಳುತ್ತದೆ. ನಿಮಿಷಕ್ಕೆ 72 ಬಡಿತ ಅಂದುಕೊಂಡರೆ 5,040 ಮಿಲಿಲೀಟರ್, ಅಂದರೆ ಸುಮಾರು 5 ಲೀಟರ್. ಮೈಯಲ್ಲಿರುವ ರಕ್ತವೂ ಹೆಚ್ಚುಕಡಿಮೆ ಅಷ್ಟೇ.

ಕೊನೆಗೆ ತೀರ್ಪುಗಾರರು ಕೇಳಬಹುದಾದ ಪ್ರಶ್ನೆ: "ಇಷ್ಟು ರಕ್ತ ಒಳಗೇ ಹರಿಯುತ್ತಲ್ಲ, ಹೃದಯಕ್ಕೆ ಆಕ್ಸಿಜನ್ ಅದರಿಂದಲೇ ಸಿಗುತ್ತಾ?" ಬಹುಪಾಲು ಇಲ್ಲ. ದಪ್ಪ ಸ್ನಾಯುವಿನ ಆಳಕ್ಕೆ ಒಳಗಿನ ರಕ್ತದ ಆಕ್ಸಿಜನ್ ತಲುಪುವುದಿಲ್ಲ. ಮಹಾಪಧಮನಿ ಶುರುವಾಗುವ ಕಡೆಯೇ ಹುಟ್ಟಿ ಹೃದಯದ ಹೊರಮೈ ಮೇಲೆ ಹರಡುವ ಕರೋನರಿ ಅಪಧಮನಿಗಳು ಅದನ್ನು ಒಯ್ಯುತ್ತವೆ. ಇವು ಕಟ್ಟಿಕೊಂಡಾಗಲೇ ಹೃದಯಾಘಾತ ಆಗುವುದು. ಒಳಭಾಗ ತೋರಿಸುವ ಚಿತ್ರದಲ್ಲಿ ಇವು ಸಾಮಾನ್ಯವಾಗಿ ಕಾಣುವುದಿಲ್ಲ. ಮೂಲೆಯಲ್ಲಿ ಹೃದಯದ ಹೊರನೋಟದ ಚಿಕ್ಕ ಚಿತ್ರವೊಂದನ್ನು ಬರೆದು, ಅದರ ಮೇಲೆ ಎರಡು ಕೆಂಪು ಗೆರೆ ಎಳೆದಿಟ್ಟುಕೊಳ್ಳಿ.